ನೆತ್ತಿಯ ಮೇಲೆ ಸೂರ್ಯ, ಫಲಕದಲ್ಲಿ ಕುಗ್ಗುವ ಕರೆಂಟು

ಮೇ ತಿಂಗಳ ಮೊದಲ ವಾರ ಪಟ್ಟದಕಲ್ಲಿನಲ್ಲಿ ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಊರು ಇರುವುದು ಉತ್ತರ ಅಕ್ಷಾಂಶ 16 ಡಿಗ್ರಿಯ ಹತ್ತಿರ. ಉತ್ತರಾಯಣದ ಸೂರ್ಯ ಆ ಗೆರೆಯನ್ನು ದಾಟುವ ದಿನ ವಿರೂಪಾಕ್ಷ ಗುಡಿಯ ಅಂಗಳದಲ್ಲಿ ನೆಟ್ಟಗೆ ನಿಂತವರ ನೆರಳು ಕಾಲಡಿಯಲ್ಲೇ ಅಡಗುತ್ತದೆ. ಮಲಪ್ರಭೆಯ ದಂಡೆಯಿಂದ ಬಾದಾಮಿ, ಹುನಗುಂದ, ಇಳಕಲ್ಲಿನವರೆಗೆ ಕೆಂಪು ಬಂಡೆ, ಎರೆಹೊಲ, ಸಿಮೆಂಟಿನ ಮಾಳಿಗೆ ಎಲ್ಲವೂ ಕಾದು ಕೆಂಡವಾಗಿರುತ್ತವೆ. ಬೆಳಕಿಗೆ ಆ ಹೊತ್ತಿನಲ್ಲಿ ಬರವೇನೂ ಇಲ್ಲ. ಆದರೆ ಮಾಳಿಗೆಯ ಮೇಲಿನ ಸೋಲಾರ್ ಫಲಕ ತನಗೆ ಸಿಕ್ಕ ಬೆಳಕಿನಲ್ಲಿ ಅತಿ ಕಡಿಮೆ ಪಾಲನ್ನು ವಿದ್ಯುತ್ತಾಗಿಸುವುದೂ ಅದೇ ಹೊತ್ತಿನಲ್ಲಿ.

"ಬಿಸಲು ಇಷ್ಟ ಐತಿ, ಕರೆಂಟ್ ಯಾಕ ಕಮ್ಮಿ ಬರತೈತಿ?" ಎಂದು ಫಲಕ ಹಾಕಿಸಿದವರು ಕೇಳುವುದು ಸಹಜ. ಫಲಕದ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ 540 ವ್ಯಾಟ್ ಎಂದಿರುತ್ತದೆ. ಇನ್ವರ್ಟರಿನ ಪರದೆ ನೋಡಿದರೆ ಒಂದೊಂದು ಫಲಕದ ಪಾಲಿಗೆ 450 ವ್ಯಾಟ್ ಸಿಕ್ಕರೆ ಹೆಚ್ಚು. ಮಾರಿದವರು ಮೋಸ ಮಾಡಿದರೋ, ಫಲಕವೇ ಕೆಟ್ಟಿದೆಯೋ ಎಂಬ ಅನುಮಾನ ಹುಟ್ಟುತ್ತದೆ. ಬಹಳ ಸಲ ಎರಡೂ ಅಲ್ಲ. ಫಲಕ ಯಾವ ವಸ್ತುವಿನಿಂದ ಆಗಿದೆಯೋ ಆ ವಸ್ತುವಿನೊಳಗಿನ ಒಂದೇ ಒಂದು ಅಂಕಿ ಇದಕ್ಕೆಲ್ಲ ಕಾರಣ. ಸಿಲಿಕಾನಿಗೆ ಅದು 1.12. ಆ ಅಂಕಿಗೆ ಬ್ಯಾಂಡ್ ಗ್ಯಾಪ್ ಎಂದು ಹೆಸರು. ಫಲಕ ಬಿಸಿಲಿನ ಐದನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸುವುದೂ, ಬೇಸಿಗೆಯಲ್ಲಿ ಅದರಲ್ಲೂ ಸೋಲುವುದೂ ಅಲ್ಲಿಂದಲೇ ಬಂದ ಫಲ.

ಒಂದೇ ಬಿಲ್ಲೆ, ಎರಡು ಗುಣ

ಫಲಕದ ಗಾಜಿನ ಕೆಳಗೆ ಕಡುನೀಲಿಯಾಗಿ ಕಾಣುವ ಒಂದೊಂದು ಚೌಕವೂ ಒಂದು ಸೌರಕೋಶ. ಅದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟು ದಪ್ಪದ ಸಿಲಿಕಾನ್ ಬಿಲ್ಲೆ. ಸಿಲಿಕಾನ್ ಪರಮಾಣುವಿನ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನುಗಳಿವೆ. ಸುತ್ತಲಿನ ನಾಲ್ಕು ಪರಮಾಣುಗಳೊಂದಿಗೆ ಅವು ಬಂಧ ಕಟ್ಟಿಕೊಂಡು ಕುಳಿತಿರುತ್ತವೆ. ಹೀಗೆ ಬಂಧದಲ್ಲಿರುವ ಎಲೆಕ್ಟ್ರಾನು ಹರಿಯಲಾರದು. ಅದನ್ನು ಬಿಡಿಸಿ ಓಡಾಡುವಂತೆ ಮಾಡಲು ಕನಿಷ್ಠ 1.12 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಬಂಧದ ಸ್ಥಿತಿಗೂ ಬಿಡುಗಡೆಯ ಸ್ಥಿತಿಗೂ ನಡುವೆ ಇರುವ ಈ ಶಕ್ತಿಯ ಅಂತರವೇ ಬ್ಯಾಂಡ್ ಗ್ಯಾಪ್. ನಡುವೆ ನಿಲ್ಲಲು ತಾವಿಲ್ಲ. ಎಲೆಕ್ಟ್ರಾನು ಪೂರ್ತಿ ಮೇಲೇರಬೇಕು, ಇಲ್ಲವೆ ಇದ್ದಲ್ಲೇ ಇರಬೇಕು. ಒಂದು ಎಲೆಕ್ಟ್ರಾನು ಎದ್ದುಹೋದಾಗ ಅದು ಬಿಟ್ಟುಹೋದ ಖಾಲಿ ಜಾಗವೂ ಅಕ್ಕಪಕ್ಕದ ಬಂಧಗಳಿಗೆ ಸರಿಯುತ್ತ ಧನ ಆವೇಶದಂತೆ ಓಡಾಡುತ್ತದೆ. ಅದಕ್ಕೆ ರಂಧ್ರ ಎನ್ನುತ್ತಾರೆ.

ಶುದ್ಧ ಸಿಲಿಕಾನಿನ ಮೇಲೆ ಬೆಳಕು ಬಿದ್ದರೂ ಎಲೆಕ್ಟ್ರಾನು ಮತ್ತು ರಂಧ್ರದ ಜೋಡಿಗಳು ಹುಟ್ಟುತ್ತವೆ. ಆದರೆ ಎರಡೂ ದಿಕ್ಕುದೆಸೆ ಇಲ್ಲದೆ ಅಲೆದು ಕೊನೆಗೆ ಒಂದನ್ನೊಂದು ಕೂಡಿಕೊಳ್ಳುತ್ತವೆ. ಬಂದ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅವನ್ನು ಬೇರ್ಪಡಿಸಿ ಬೇರೆ ಬೇರೆ ದಾರಿಗೆ ಕಳಿಸುವ ಏರ್ಪಾಡೇ ಪಿ-ಎನ್ ಸಂಧಿ.

ಬಿಲ್ಲೆಯನ್ನು ಬೆಳೆಸುವಾಗಲೇ ಅದರಲ್ಲಿ ಅತಿ ಅಲ್ಪ ಪ್ರಮಾಣದ ಬೋರಾನ್ ಅಥವಾ ಗ್ಯಾಲಿಯಂ ಸೇರಿಸುತ್ತಾರೆ. ಇವಕ್ಕೆ ಹೊರಸುತ್ತಿನಲ್ಲಿ ಮೂರೇ ಎಲೆಕ್ಟ್ರಾನು. ಹಾಗಾಗಿ ಬಿಲ್ಲೆಯ ತುಂಬ ರಂಧ್ರಗಳ ಮೇಲುಗೈ. ಇದು ಪಿ ಬಗೆ. ಆಮೇಲೆ ಬಿಲ್ಲೆಯನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿಟ್ಟು ರಂಜಕದ ಸಂಯುಕ್ತದ ಆವಿ ಹಾಯಿಸುತ್ತಾರೆ. ರಂಜಕಕ್ಕೆ ಐದು ಎಲೆಕ್ಟ್ರಾನು. ಅದು ಬಿಲ್ಲೆಯ ಮೇಲ್ಮೈಯಿಂದ ಒಂದು ಮೈಕ್ರಾನಿಗೂ ಕಡಿಮೆ ಆಳಕ್ಕೆ ಇಳಿದು ಅಷ್ಟು ಭಾಗವನ್ನು ಎನ್ ಬಗೆಯಾಗಿಸುತ್ತದೆ. ಅಲ್ಲಿ ಎಲೆಕ್ಟ್ರಾನುಗಳದೇ ಮೇಲುಗೈ. ಎರಡು ತುಂಡುಗಳನ್ನು ತಂದು ಜೋಡಿಸಿದ್ದಲ್ಲ ಇದು. ಒಂದೇ ಹರಳು, ನಡುವೆ ಬಿರುಕಿಲ್ಲ, ಗುಣ ಮಾತ್ರ ಬದಲು.

ಈ ಎರಡು ಭಾಗ ಕೂಡುವಲ್ಲಿ ಎನ್ ಕಡೆಯ ಎಲೆಕ್ಟ್ರಾನುಗಳು ಪಿ ಕಡೆಗೂ, ಪಿ ಕಡೆಯ ರಂಧ್ರಗಳು ಎನ್ ಕಡೆಗೂ ಹರಡಲು ಹೊರಡುತ್ತವೆ. ಗಡಿ ದಾಟಿದವು ಎದುರಾಳಿಯನ್ನು ಕೂಡಿ ಇಲ್ಲವಾಗುತ್ತವೆ. ಹಿಂದೆ ಉಳಿಯುವುದು ಹರಳಿನಲ್ಲಿ ನಾಟಿಕೊಂಡ, ಜಾಗ ಬಿಟ್ಟು ಕದಲದ ಪರಮಾಣುಗಳು: ಎನ್ ಕಡೆ ಧನ ಆವೇಶದ ರಂಜಕ, ಪಿ ಕಡೆ ಋಣ ಆವೇಶದ ಬೋರಾನ್. ಇವೆರಡರ ನಡುವೆ ಒಂದು ವಿದ್ಯುತ್ ಕ್ಷೇತ್ರ ಏಳುತ್ತದೆ. ಮುಂದಿನ ಹರಡುವಿಕೆಯನ್ನು ತಡೆಯುವಷ್ಟು ಬಲ ಬಂದಾಗ ಅದು ನೆಲೆನಿಲ್ಲುತ್ತದೆ. ಬ್ಯಾಟರಿ ಬೇಡ, ಬೆಳಕೂ ಬೇಡ. ಈ ಕ್ಷೇತ್ರ ಕತ್ತಲಲ್ಲೂ ಇರುತ್ತದೆ.

ಈಗ ಬಿಸಿಲು ಬಿತ್ತು. ಬೆಳಕಿನ ಒಂದು ಫೋಟಾನ್ ಪಿ ಭಾಗದ ಒಳಗೆ ಇಳಿದು ಒಂದು ಎಲೆಕ್ಟ್ರಾನನ್ನು ಬಿಡಿಸಿತು. ಆ ಎಲೆಕ್ಟ್ರಾನು ಅಡ್ಡಾದಿಡ್ಡಿ ಅಲೆಯುತ್ತ, ದಾರಿಯಲ್ಲಿ ಯಾವುದೋ ರಂಧ್ರಕ್ಕೆ ಸಿಕ್ಕಿ ಇಲ್ಲವಾಗುವ ಮುಂಚೆ ಸಂಧಿಯ ಅಂಚನ್ನು ಮುಟ್ಟಿದರೆ, ಕ್ಷೇತ್ರ ಅದನ್ನು ಎನ್ ಕಡೆಗೆ ಸೆಳೆದುಕೊಳ್ಳುತ್ತದೆ. ಮತ್ತೆ ಹಿಂದಿರುಗುವುದು ಸುಲಭವಲ್ಲ. ಎನ್ ಕಡೆಯಲ್ಲಿ ಹುಟ್ಟಿದ ರಂಧ್ರ ಇದೇ ರೀತಿ ಪಿ ಕಡೆಗೆ ಹೋಗುತ್ತದೆ. ಮೇಲೆ ಕಾಣುವ ಬೆಳ್ಳಿಯ ಸಣ್ಣ ಗೆರೆಗಳು ಎಲೆಕ್ಟ್ರಾನುಗಳನ್ನು ಒಟ್ಟುಮಾಡಿ ತಂತಿಗೆ ಕೊಡುತ್ತವೆ. ಅವು ಹೊರಗಿನ ಮೋಟರನ್ನೋ ದೀಪವನ್ನೋ ಹಾದು ಹಿಂಬದಿಯಿಂದ ಮರಳಿ ಬರುತ್ತವೆ.

ಇಂಥ ಸಂಧಿಯನ್ನು ಮೊದಲು ಕಂಡದ್ದು ಆಕಸ್ಮಿಕವಾಗಿ. 1940ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಸೆಲ್ ಓಲ್ ಪರೀಕ್ಷಿಸುತ್ತಿದ್ದ ಒಂದು ಸಿಲಿಕಾನ್ ತುಂಡು ಬೆಳಕು ಬಿದ್ದಾಗಲೆಲ್ಲ ವೋಲ್ಟೇಜ್ ತೋರಿಸುತ್ತಿತ್ತು. ಕರಗಿದ ಸಿಲಿಕಾನ್ ಗಟ್ಟಿಯಾಗುವಾಗ ಕಲ್ಮಶಗಳು ಎರಡು ಭಾಗಕ್ಕೆ ಬೇರೆಬೇರೆಯಾಗಿ ಹಂಚಿಹೋಗಿ ಸಂಧಿ ತಾನಾಗಿ ಹುಟ್ಟಿತ್ತು. ಅದೇ ಪ್ರಯೋಗಾಲಯದ ಚಾಪಿನ್, ಫುಲ್ಲರ್ ಮತ್ತು ಪಿಯರ್ಸನ್ 1954ರಲ್ಲಿ ಬಿಸಿಲಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಜಗತ್ತಿಗೆ ತೋರಿಸಿದರು.

ಒಂದೇ ಅಳತೆಯ ಸೇರು

ಬಿಸಿಲು ಒಂದೇ ಬಗೆಯ ಬೆಳಕಲ್ಲ. ನೇರಳೆ ಬೆಳಕಿನ ಒಂದು ಫೋಟಾನಿನಲ್ಲಿ 3 ಎಲೆಕ್ಟ್ರಾನ್ ವೋಲ್ಟಿಗೂ ಮಿಕ್ಕ ಶಕ್ತಿ ಇದ್ದರೆ, ಹಸಿರಿನಲ್ಲಿ ಸುಮಾರು 2.25, ಕೆಂಪಿನಲ್ಲಿ 1.8. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಅದಕ್ಕಿಂತ ಕಡಿಮೆ. ಇವೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಸಿಲಿಕಾನ್ ಮಾತ್ರ ಒಂದೇ ಅಳತೆ ಹಿಡಿದು ಕುಳಿತಿದೆ.

ಸಂತೆಯಲ್ಲಿ ಜೋಳ ಕೊಳ್ಳುವವನೊಬ್ಬನ ಹತ್ತಿರ ಒಂದೇ ಒಂದು ಸೇರು ಇದೆ ಎಂದುಕೊಳ್ಳೋಣ. ಒಬ್ಬೊಬ್ಬರಿಂದ ಒಮ್ಮೆ ಮಾತ್ರ ಅಳೆದುಕೊಳ್ಳುತ್ತಾನೆ. ಸೇರು ತುಂಬದಷ್ಟು ತಂದವರನ್ನು ಹಾಗೇ ವಾಪಸು ಕಳಿಸುತ್ತಾನೆ. ಎರಡು ಸೇರಿನಷ್ಟು ತಂದವರದು ಒಂದು ಸೇರು ಲೆಕ್ಕಕ್ಕೆ, ಉಳಿದದ್ದು ಮಣ್ಣಿಗೆ. ಸೌರಕೋಶದ ವ್ಯಾಪಾರ ಇದೇ. 1.12ಕ್ಕಿಂತ ಕಡಿಮೆ ಶಕ್ತಿಯ ಫೋಟಾನು ಸಿಲಿಕಾನನ್ನು ಹಾದು ಹೋಗುತ್ತದೆ, ಎಲೆಕ್ಟ್ರಾನನ್ನು ಎಬ್ಬಿಸುವುದಿಲ್ಲ. 2.25ರ ಹಸಿರು ಫೋಟಾನು ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ, ಎರಡನ್ನಲ್ಲ. ಹೆಚ್ಚುವರಿ 1.13 ಹರಳಿನ ಕಂಪನವಾಗಿ, ಅಂದರೆ ಬಿಸಿಯಾಗಿ, ಸೆಕೆಂಡಿನ ಲಕ್ಷಕೋಟಿಯಲ್ಲೊಂದು ಭಾಗದ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಇಷ್ಟು ಬೇಗ ಆಗುವುದರಿಂದಲೇ ಅದನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟ.

ಲೆಕ್ಕ ಹಾಕಿ ನೋಡೋಣ. ನಡುಮಧ್ಯಾಹ್ನ ಒಂದು ಚದರ ಮೀಟರಿಗೆ 1,000 ವ್ಯಾಟ್ ಬಿಸಿಲು ಬೀಳುತ್ತಿದೆ. ಸಿಲಿಕಾನಿನ ಅಳತೆಗೆ ಸಾಲದೆ ಹೋಗುವ ಕಿರಣಗಳ ಪಾಲು ಸುಮಾರು 190 ವ್ಯಾಟ್. ಅಳತೆ ಮೀರಿ ಬಿಸಿಯಾಗುವ ಹೆಚ್ಚುವರಿ ಸುಮಾರು 320. ಉಳಿಯಿತು 490. ಯಾವ ದೋಷವೂ ಇಲ್ಲದ ಸಿಲಿಕಾನ್ ಕೋಶದಲ್ಲೂ ಅರ್ಧಕ್ಕಿಂತ ಹೆಚ್ಚು ಬಿಸಿಲು ಮೊದಲ ಹೆಜ್ಜೆಯಲ್ಲೇ ಕೈಬಿಟ್ಟು ಹೋಯಿತು.

ಹಾಗಾದರೆ ಸೇರನ್ನೇ ಬದಲಿಸಿದರೆ? ಚಿಕ್ಕ ಸೇರು ಹಿಡಿದರೆ ಯಾರೂ ವಾಪಸು ಹೋಗುವುದಿಲ್ಲ, ಆದರೆ ಪ್ರತಿಯೊಬ್ಬರ ಚೀಲದಿಂದ ಬಹಳಷ್ಟು ಮಣ್ಣುಪಾಲು. ದೊಡ್ಡ ಸೇರು ಹಿಡಿದರೆ ಚೆಲ್ಲುವುದು ಕಡಿಮೆ, ಆದರೆ ಹೆಚ್ಚಿನವರು ವಾಪಸು. ಬ್ಯಾಂಡ್ ಗ್ಯಾಪ್ ಸಣ್ಣದಾದರೆ ಕರೆಂಟು ಹೆಚ್ಚು, ವೋಲ್ಟೇಜ್ ಕಡಿಮೆ. ದೊಡ್ಡದಾದರೆ ವೋಲ್ಟೇಜ್ ಹೆಚ್ಚು, ಕರೆಂಟು ಕಡಿಮೆ. ವಿದ್ಯುತ್ ಶಕ್ತಿ ಇವೆರಡರ ಗುಣಲಬ್ಧ. ಆದ್ದರಿಂದ ನಡುವೆ ಎಲ್ಲೋ ಒಂದು ಶಿಖರ ಇರಲೇಬೇಕು.

490 ಹೇಗೆ 330 ಆಗುತ್ತದೆ

ಆ ಶಿಖರವನ್ನು ಕಂಡುಹಿಡಿಯುವ ದಾರಿಯನ್ನು ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ತೋರಿಸಿದರು. ಅವರ ವಾದದ ತಿರುಳು ಇದು: ಬೆಳಕನ್ನು ಹೀರಬಲ್ಲ ವಸ್ತು ಬೆಳಕನ್ನು ಸೂಸಲೂ ಬೇಕು. ಎಲೆಕ್ಟ್ರಾನು ಮೇಲೇರುವ ದಾರಿ ಇದ್ದರೆ ಕೆಳಗಿಳಿಯುವ ದಾರಿಯೂ ಇದ್ದೇ ಇರುತ್ತದೆ. ಬಿಸಿಲಿನಲ್ಲಿ ಎರಡೂ ಕಡೆ ಆವೇಶ ಶೇಖರವಾದಷ್ಟೂ ಸಂಧಿಯ ತಡೆ ತಗ್ಗುತ್ತದೆ, ಎಲೆಕ್ಟ್ರಾನುಗಳು ಹಿಮ್ಮುಖವಾಗಿ ಸೋರಿ ರಂಧ್ರಗಳನ್ನು ಕೂಡಿಕೊಳ್ಳುತ್ತವೆ. ತಂತಿ ಜೋಡಿಸದೆ ಬಿಟ್ಟ ಫಲಕದಲ್ಲಿ ವೋಲ್ಟೇಜ್ ಏರುತ್ತ ಹೋಗಿ, ಹುಟ್ಟುವಷ್ಟೇ ಜೋಡಿಗಳು ಸೋರುವ ಹಂತದಲ್ಲಿ ನಿಲ್ಲುತ್ತದೆ. ಆ ಹಂತ ಯಾವತ್ತೂ 1.12 ವೋಲ್ಟಿಗಿಂತ ಕೆಳಗೇ ಇರುತ್ತದೆ. ಆದರ್ಶ ಸಿಲಿಕಾನಿನಲ್ಲಿ ಅದು ಸುಮಾರು 0.87 ವೋಲ್ಟ್. ಹೀಗೆ 490 ವ್ಯಾಟ್ ಇಳಿದು ಸುಮಾರು 330ಕ್ಕೆ ಬರುತ್ತದೆ.

ಭೂಮಿಗೆ ತಲುಪುವ ಬಿಸಿಲಿಗೆ ಈ ಲೆಕ್ಕ ಹಾಕಿದರೆ ಶಿಖರ ಬರುವುದು 1.34 ಎಲೆಕ್ಟ್ರಾನ್ ವೋಲ್ಟಿನಲ್ಲಿ, ಎತ್ತರ ಶೇ 33.7. ಒಂದೇ ಸಂಧಿಯ ಕೋಶ ಸಾಧಾರಣ ಬಿಸಿಲಿನಲ್ಲಿ ಇದನ್ನು ದಾಟಲಾರದು. ಶಿಖರ ಮೊನಚಾಗಿಲ್ಲ, ಚಪ್ಪಟೆಯಾಗಿದೆ. 1.12ರ ಸಿಲಿಕಾನ್, 1.42ರ ಗ್ಯಾಲಿಯಂ ಆರ್ಸೆನೈಡ್, 1.45ರ ಆಸುಪಾಸಿನ ಕ್ಯಾಡ್ಮಿಯಂ ಟೆಲ್ಯುರೈಡ್ ಮೂರೂ ಅದರ ನೆತ್ತಿಯ ಹತ್ತಿರವೇ ಇವೆ. 0.67ರ ಜರ್ಮೇನಿಯಂ ಮಾತ್ರ ಇಳಿಜಾರಿನಲ್ಲಿ ಬಹಳ ಕೆಳಗಿದೆ.

ಸಿಲಿಕಾನಿಗೆ ಇನ್ನೊಂದು ತೊಡಕಿದೆ. ಅದು ಬೆಳಕನ್ನು, ಅದರಲ್ಲೂ ಅವಕೆಂಪನ್ನು, ನಿಧಾನವಾಗಿ ಹೀರುತ್ತದೆ. ಗ್ಯಾಲಿಯಂ ಆರ್ಸೆನೈಡಿಗೆ ಕೆಲವೇ ಮೈಕ್ರಾನ್ ದಪ್ಪ ಸಾಕಾದರೆ ಸಿಲಿಕಾನಿಗೆ ನೂರಕ್ಕೂ ಮಿಕ್ಕಿ ಬೇಕು. ಅಷ್ಟು ದಪ್ಪದಲ್ಲಿ ಎಲೆಕ್ಟ್ರಾನು ರಂಧ್ರವನ್ನು ಕೂಡುವಾಗ ಬಿಟ್ಟ ಶಕ್ತಿಯನ್ನು ಮೂರನೆಯ ಕಣವೊಂದು ಕಸಿದುಕೊಳ್ಳುವ ನಷ್ಟವೂ ಸೇರಿ ಸಿಲಿಕಾನಿನ ನಿಜವಾದ ಮಿತಿ ಶೇ 29.4ಕ್ಕೆ ಇಳಿಯುತ್ತದೆ. ಪ್ರಯೋಗಾಲಯದ ಅತ್ಯುತ್ತಮ ಸಿಲಿಕಾನ್ ಕೋಶಗಳು ಈಗಾಗಲೇ ಶೇ 27ನ್ನು ದಾಟಿವೆ. ನಮ್ಮ ಮಾಳಿಗೆಯ 540 ವ್ಯಾಟ್ ಫಲಕದ ವಿಸ್ತೀರ್ಣ ಸುಮಾರು 2.6 ಚದರ ಮೀಟರ್. ಲೆಕ್ಕ ಹಾಕಿದರೆ ಅದು ಶೇ 21. ಗಾಜಿನ ಪ್ರತಿಫಲನ, ಬೆಳ್ಳಿ ಗೆರೆಯ ನೆರಳು, ತಂತಿಯ ತಡೆ, ಕೋಶಗಳ ನಡುವಿನ ಖಾಲಿ ಜಾಗ, ಹರಳಿನ ದೋಷ ಇವೆಲ್ಲ ಸೇರಿ ಉಳಿದದ್ದನ್ನು ತಿಂದಿವೆ.

ಬಿಸಿ ಏನು ಮಾಡುತ್ತದೆ

ಚೀಟಿಯ ಮೇಲಿನ 540 ವ್ಯಾಟ್ ಪ್ರಯೋಗಾಲಯದ ಅಳತೆ: 1,000 ವ್ಯಾಟ್ ಬೆಳಕು, ಕೋಶದ ಉಷ್ಣತೆ 25 ಡಿಗ್ರಿ. ಪಟ್ಟದಕಲ್ಲಿನ ಮೇ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ಇರುತ್ತದೆ. ಹೀರಿದ ಬೆಳಕಿನ ದೊಡ್ಡ ಪಾಲು ಬಿಸಿಯಾಗುವುದರಿಂದ ಕೋಶ ಗಾಳಿಗಿಂತ ಸುಮಾರು 30 ಡಿಗ್ರಿ ಮೇಲಿರುತ್ತದೆ. ಅಂದರೆ 70.

ಬಿಸಿ ಏರಿದಂತೆ ಬೆಳಕಿನ ನೆರವಿಲ್ಲದೆಯೇ ಹರಳಿನ ಕಂಪನದ ಬಲದಿಂದ ಎಲೆಕ್ಟ್ರಾನುಗಳು 1.12ರ ಅಂತರವನ್ನು ಹಾರತೊಡಗುತ್ತವೆ. ಸಂಧಿಯಲ್ಲಿ ಹಿಮ್ಮುಖ ಸೋರಿಕೆಯ ಗಾತ್ರವನ್ನು ನಿರ್ಧರಿಸುವುದು ಈ ಹಾರಾಟವೇ. 25ರಿಂದ 70 ಡಿಗ್ರಿಗೆ ಹೋದಾಗ ಸೋರಿಕೆಯ ಒಲವು ನೂರಾರು ಪಟ್ಟು ಹೆಚ್ಚುತ್ತದೆ. ಪುಣ್ಯಕ್ಕೆ ವೋಲ್ಟೇಜ್ ಅದರ ಲಾಗರಿದಮ್ಮಿಗೆ ತಕ್ಕಂತೆ ಮಾತ್ರ ಬಗ್ಗುತ್ತದೆ. ಒಂದೊಂದು ಕೋಶ ಒಂದೊಂದು ಡಿಗ್ರಿಗೆ 2 ಮಿಲಿವೋಲ್ಟಿನಷ್ಟು ಕಳೆದುಕೊಳ್ಳುತ್ತದೆ. ಬಿಸಿಗೆ ಬ್ಯಾಂಡ್ ಗ್ಯಾಪ್ ತುಸು ಕಿರಿದಾಗಿ ಸ್ವಲ್ಪ ಹೆಚ್ಚು ಅವಕೆಂಪು ದಕ್ಕುವುದರಿಂದ ಕರೆಂಟು ಶೇ 2ರಷ್ಟು ಏರುವುದೂ ಉಂಟು. ಆದರೆ ವೋಲ್ಟೇಜಿನ ನಷ್ಟ ಅದನ್ನು ನುಂಗಿಬಿಡುತ್ತದೆ.

ಫಲಕದ ವಿವರಪಟ್ಟಿಯಲ್ಲಿ ಈ ನಷ್ಟವನ್ನೂ ಬರೆದಿರುತ್ತಾರೆ, ಓದುವವರು ಕಡಿಮೆ. ಸಾಮಾನ್ಯ ಪಿ ಬಗೆಯ ಫಲಕದಲ್ಲಿ ಅದು ಡಿಗ್ರಿಗೆ ಶೇ 0.35ರ ಆಸುಪಾಸು. 45 ಡಿಗ್ರಿ ಹೆಚ್ಚಾದರೆ ಸುಮಾರು ಶೇ 16 ಇಳಿಕೆ. 540 ವ್ಯಾಟ್ 455 ಆಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಇದೇ. ಬ್ಯಾಂಡ್ ಗ್ಯಾಪ್ ದೊಡ್ಡದಿರುವ ವಸ್ತುಗಳಲ್ಲಿ ಬಿಸಿಗೆ ಅಂತರ ಹಾರುವ ಎಲೆಕ್ಟ್ರಾನುಗಳು ಕಡಿಮೆ, ಆದ್ದರಿಂದ ಅವು ಬೇಸಿಗೆಯಲ್ಲಿ ಇಷ್ಟು ಬಳಲುವುದಿಲ್ಲ.

ಸಹಜ ಇಳಿಕೆ ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಇದೇ ವಿಜ್ಞಾನ ನೆರವಾಗುತ್ತದೆ. ಇಂಥ ಫಲಕದಲ್ಲಿ 72 ಕೋಶಗಳಿಗೆ ಸಮನಾದ ಸರಣಿ ಇದ್ದು, ಹೊರೆ ಇಲ್ಲದಾಗ ಚೀಟಿಯ ಪ್ರಕಾರ ಸುಮಾರು 49.5 ವೋಲ್ಟ್ ಬರಬೇಕು. 70 ಡಿಗ್ರಿಯಲ್ಲಿ ಅದು 43 ಅಥವಾ 44 ವೋಲ್ಟಿಗೆ ಇಳಿದರೆ ಫಲಕ ಸರಿಯಾಗಿಯೇ ಇದೆ. 33ರ ಹತ್ತಿರ ಅಥವಾ ಇನ್ನೂ ಕೆಳಗಿದ್ದರೆ ಮೂರರಲ್ಲೊಂದು ಪಾಲು ಕೋಶಗಳು ಲೆಕ್ಕದಿಂದಲೇ ಹೊರಬಿದ್ದಿವೆ. ಹಿಂಬದಿಯ ಡಬ್ಬಿಯಲ್ಲಿರುವ ಮೂರು ಬೈಪಾಸ್ ಡಯೋಡುಗಳಲ್ಲಿ ಒಂದು ಕೆಟ್ಟು ಶಾರ್ಟ್ ಆಗಿರುವ ಸಂಭವವೇ ಹೆಚ್ಚು. ವೋಲ್ಟೇಜ್ ಸರಿಯಿದ್ದು ಕರೆಂಟು ಮಾತ್ರ ಕುಗ್ಗಿದ್ದರೆ ಬೆಳಕೇ ಒಳಗೆ ಹೋಗುತ್ತಿಲ್ಲ ಎಂದರ್ಥ. ಇಳಕಲ್ಲಿನ ಸುತ್ತ ಕೆಂಪು ಗ್ರಾನೈಟ್ ಕ್ವಾರಿಗಳ ದೂಳು, ಬೇಸಿಗೆಯ ಹೊಲದ ದೂಳು ಗಾಜಿನ ಮೇಲೆ ಕೂತಾಗ ಆಗುವುದು ಇದು. ತಣ್ಣಗಿರುವ ಮುಂಜಾನೆ ನೀರಿನಿಂದ ತೊಳೆದರೆ ಸರಿಹೋಗುತ್ತದೆ. ಅಳತೆಯನ್ನು ಮಾತ್ರ ಬಲ್ಲ ತಂತ್ರಜ್ಞರಿಂದ, ಒಂದೊಂದೇ ಫಲಕವನ್ನು ಬಿಡಿಸಿ ಮಾಡಿಸಬೇಕು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಬಿಸಿಲಿರುವ ತನಕ ಅದನ್ನು ಆಫ್ ಮಾಡಲು ಬರುವುದಿಲ್ಲ.

ಕಣ್ಣಿಗೆ ಕಾಣದ ಬಿರುಕುಗಳ ಪರೀಕ್ಷೆಯಂತೂ ಶಾಕ್ಲಿ ಮತ್ತು ಕ್ವೈಸರ್ ಅವರ ಮಾತಿಗೆ ನೇರ ಸಾಕ್ಷಿ. ಕತ್ತಲಲ್ಲಿ ಫಲಕಕ್ಕೆ ಹೊರಗಿನಿಂದ ಕರೆಂಟು ಹಾಯಿಸಿದರೆ ಕೋಶಗಳು ಅವಕೆಂಪು ಬೆಳಕನ್ನು ಸೂಸುತ್ತವೆ. ಅದಕ್ಕೆಂದೇ ಇರುವ ಕ್ಯಾಮೆರಾದಲ್ಲಿ ಒಳ್ಳೆಯ ಭಾಗ ಬೆಳಗುತ್ತದೆ, ಬಿರುಕು ಬಿಟ್ಟು ತಂತಿಯಿಂದ ಬೇರೆಯಾದ ಭಾಗ ಕಪ್ಪಾಗಿ ಕಾಣುತ್ತದೆ.

ಒಂದರ ಮೇಲೊಂದು ಸೇರು

ಒಂದು ಸೇರಿನ ಮಿತಿಯನ್ನು ದಾಟುವ ದಾರಿ ಎರಡು ಸೇರು ಇಡುವುದು. ಮೊದಲು ದೊಡ್ಡದು, ಅದು ತುಂಬದೆ ವಾಪಸಾದವರಿಗೆ ಹಿಂದೆ ಚಿಕ್ಕದು. ಬೆಂಗಳೂರಿನ ಉಪಗ್ರಹ ಕೇಂದ್ರದ ಕತೆಯಲ್ಲಿ ಈ ಬದಲಾವಣೆ ಎದ್ದು ಕಾಣುತ್ತದೆ. ಪೀಣ್ಯದಲ್ಲಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟಕ್ಕೆ ಮೈತುಂಬ ಸೌರಕೋಶ ಹೊದಿಸಿದ್ದರೂ ಸಿಕ್ಕ ವಿದ್ಯುತ್ತು 46 ವ್ಯಾಟ್. ಇಂದಿನ ಉಪಗ್ರಹಗಳಲ್ಲಿ ಗ್ಯಾಲಿಯಂ ಇಂಡಿಯಂ ಫಾಸ್ಫೈಡ್, ಗ್ಯಾಲಿಯಂ ಆರ್ಸೆನೈಡ್, ಜರ್ಮೇನಿಯಂ ಎಂಬ ಮೂರು ಪದರಗಳ ಕೋಶಗಳು ಬಂದಿವೆ. ಮೇಲಿನ ಪದರದ ಬ್ಯಾಂಡ್ ಗ್ಯಾಪ್ ಸುಮಾರು 1.9, ನಡುವಿನದು 1.4, ತಳದ್ದು 0.67. ಒಂಟಿಯಾಗಿ ಸೋಲುವ ಜರ್ಮೇನಿಯಂ ಇಲ್ಲಿ ತಳದಲ್ಲಿ ಕೂತು ಉಳಿದವರು ಬಿಟ್ಟದ್ದನ್ನು ಹೆಕ್ಕುತ್ತದೆ. ಇಂಥ ಕೋಶಗಳ ದಕ್ಷತೆ ಶೇ 30ರ ಆಸುಪಾಸು. ಬೆಲೆ ಮಾತ್ರ ಮಾಳಿಗೆಗೆ ಎಟುಕದ್ದು.

ನೆಲದ ಮೇಲೆ ಇದೇ ಕೆಲಸಕ್ಕೆ ಪೆರೋವ್‌ಸ್ಕೈಟ್ ಎಂಬ ವಸ್ತುವಿನ ತೆಳುಪದರವನ್ನು ಸಿಲಿಕಾನಿನ ಮೇಲೆ ಹಚ್ಚುತ್ತಿದ್ದಾರೆ. ಅದರ ಮಿಶ್ರಣ ಬದಲಿಸಿ ಬ್ಯಾಂಡ್ ಗ್ಯಾಪನ್ನು 1.7ರ ಹತ್ತಿರಕ್ಕೆ ಹೊಂದಿಸಬಹುದು. ಎರಡು ಪದರದ ಸೈದ್ಧಾಂತಿಕ ಮಿತಿ ಶೇ 45ರ ಆಸುಪಾಸು. ಚೀನಾದ ಲೋಂಗಿ ಕಂಪನಿ 2025ರಲ್ಲಿ ಇಂಥ ಪುಟ್ಟ ಕೋಶದಲ್ಲಿ ಶೇ 34.85 ಮುಟ್ಟಿ, ಒಂದೇ ಸಂಧಿಯ ಗೆರೆಯನ್ನು ದಾಟಿ ತೋರಿಸಿತು. ತೊಡಕು ಎರಡು. ಪದರಗಳು ಸರಣಿಯಲ್ಲಿರುವುದರಿಂದ ಎರಡರಲ್ಲಿ ಕಡಿಮೆ ಕರೆಂಟು ಕೊಡುವ ಪದರವೇ ಇನ್ನೊಂದನ್ನೂ ಹಿಡಿದಿಡುತ್ತದೆ. ಬೆಳಗಿನ ಕೆಂಪು ಬಿಸಿಲಿಗೂ ಮಧ್ಯಾಹ್ನದ ಬಿಳಿ ಬಿಸಿಲಿಗೂ ಈ ಹೊಂದಾಣಿಕೆ ಒಂದೇ ಆಗಿರುವುದಿಲ್ಲ. ಎರಡನೆಯದು ಬಾಳಿಕೆ. ಸಿಲಿಕಾನ್ ಫಲಕ 25 ವರ್ಷ ಬಾಳುತ್ತದೆ. ಪೆರೋವ್‌ಸ್ಕೈಟಿಗೆ ತೇವವೂ ಬಿಸಿಯೂ ಶತ್ರು. 70 ಡಿಗ್ರಿಯ ಬೇಸಿಗೆ, ಅದರ ಬೆನ್ನಿಗೇ ಮಳೆಗಾಲ ಬರುವ ನಮ್ಮ ಸೀಮೆ ಅದಕ್ಕೆ ಕಠಿಣ ಪರೀಕ್ಷೆ.

ಅಲ್ಲಿಯವರೆಗೆ ನಮ್ಮ ಮಾಳಿಗೆಗೆ ಸಿಲಿಕಾನೇ ಗತಿ. ಅದರಲ್ಲೂ ಆಯ್ಕೆ ಇದೆ. ಈಗ ಹೆಚ್ಚಾಗಿ ಬರುತ್ತಿರುವ ಎನ್ ಬಗೆಯ ಬಿಲ್ಲೆಯ ಫಲಕಗಳಲ್ಲಿ ಮೇಲ್ಮೈಯ ಸೋರಿಕೆ ಕಡಿಮೆ, ವೋಲ್ಟೇಜ್ 1.12ಕ್ಕೆ ಇನ್ನಷ್ಟು ಹತ್ತಿರ. ಆ ಕಾರಣಕ್ಕೇ ಬಿಸಿಗೆ ಆಗುವ ನಷ್ಟವೂ ಡಿಗ್ರಿಗೆ ಶೇ 0.30ರ ಆಸುಪಾಸಿಗೆ ಇಳಿದಿದೆ. 70 ಡಿಗ್ರಿಯಲ್ಲಿ 540 ವ್ಯಾಟಿನ ಇಂಥ ಫಲಕ 455ರ ಬದಲು 467 ಕೊಡುತ್ತದೆ. ಆರು ಫಲಕ ಹಾಕಿಸಿದ ಮನೆಗೆ ಮಧ್ಯಾಹ್ನದ ಹೊತ್ತು 70 ವ್ಯಾಟಿನ ಲಾಭ. ಫಲಕವನ್ನು ಮಾಳಿಗೆಗೆ ಅಂಟಿಸದೆ ಕೆಳಗೆ ಗಾಳಿಯಾಡುವಷ್ಟು ಎತ್ತರ ಬಿಟ್ಟು ನಿಲ್ಲಿಸಿ ಕೋಶ 5 ಡಿಗ್ರಿ ತಣ್ಣಗಾದರೆ ಪ್ರತಿ ಫಲಕಕ್ಕೆ ಇನ್ನೂ 8 ವ್ಯಾಟ್. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಫಲಕ ಕೊಳ್ಳುವವರು ಚೀಟಿಯ ಮೇಲಿನ ದೊಡ್ಡ ಅಕ್ಷರದ ವ್ಯಾಟನ್ನು ನೋಡಿದ ಮೇಲೆ, ವಿವರಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಈ ಉಷ್ಣತೆಯ ಸಾಲನ್ನೂ ಕೇಳಿ ಓದಿಸಿಕೊಳ್ಳಬೇಕು. ನಮ್ಮ ಬಿಸಿಲಿಗೆ ಹೆಚ್ಚು ಸಂಬಂಧಪಟ್ಟದ್ದು ಅದೇ.